ಮೂರು ತುಣುಕುಗಳಲ್ಲಿ ಒಂದು ಪ್ರಕಟಣೆ

ಅರಸೀಕೆರೆಯ ರೈಲು ನಿಲ್ದಾಣದಲ್ಲಿಳಿದು ಬೇಲೂರು, ಹಳೇಬೀಡುಗಳ ಕಡೆಗೆ ಹೊರಡುವ ಪ್ರವಾಸಿಗರೂ, ಅದೇ ದಾರಿಯಲ್ಲಿ ನಿತ್ಯವೂ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಗಳೂ ಈಗ ಬಸ್ಸಿನ ವೇಳೆಯನ್ನು ಗೋಡೆಯ ಹಲಗೆಯ ಮೇಲೆ ನೋಡುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿರುವ ಫೋನಿನಲ್ಲಿಯೇ ನೋಡುತ್ತಾರೆ. ಹಲಗೆಯ ಮೇಲೆ ತಪ್ಪು ಬರೆದಿದ್ದರೆ ಒಬ್ಬನು ಬಂದು ಅದನ್ನು ಒರಸಿ ತಿದ್ದಿದರೆ ಸಾಕು. ನೋಡುವವರೆಲ್ಲರಿಗೂ ಅದು ಆ ಕ್ಷಣವೇ ತಿದ್ದಿದಂತಾಗುತ್ತದೆ. ಫೋನಿನೊಳಗಿನ ತಂತ್ರಾಂಶದ ವಿಷಯ ಹಾಗಲ್ಲ. ತಿದ್ದಿದ ಆವೃತ್ತಿಯನ್ನು ಸಿದ್ಧಪಡಿಸಿದ ಮೇಲೆಯೂ ಪ್ರತಿಯೊಬ್ಬ ಬಳಕೆದಾರನ ಫೋನಿಗೆ ಅದು ಹೋಗಿ ಸೇರುವವರೆಗೆ ಹಳೆಯ ತಪ್ಪು ತಪ್ಪಾಗಿಯೇ ಉಳಿದಿರುತ್ತದೆ. ಆದುದರಿಂದ ತಂತ್ರಾಂಶವನ್ನು ತಿದ್ದುವುದು ಅರ್ಧ ಕೆಲಸ. ತಿದ್ದಿದ್ದೇವೆಂಬುದನ್ನು ಸಾರುವುದು ಉಳಿದ ಅರ್ಧ. ಆ ಸಾರಿಕೆಯನ್ನು ಎಕ್ಸ್ ಮುಂತಾದ ತಾಣಗಳಲ್ಲಿ 280 ಅಕ್ಷರಗಳ ಮಿತಿಯೊಳಗೆ, ಒಂದರ ಕೆಳಗೊಂದು ಪೋಣಿಸಿದ ಮೂರು ಕಿರು ಪೋಸ್ಟುಗಳಲ್ಲಿ ಬರೆಯುವ ಪದ್ಧತಿಯಿದೆ. ಇಂತಹ ಒಂದು ಸರಣಿಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ, ಅದರಲ್ಲಿ ಯಂತ್ರವು ಅಕ್ಷರಗಳನ್ನು ಎಣಿಸುವ ಬಗೆ ಯಾವುದು, ಕನ್ನಡ ವಾಕ್ಯದ ಸ್ವಭಾವದಿಂದಲೇ ಹುಟ್ಟುವ ಅಪಾಯ ಯಾವುದು ಎಂಬುದನ್ನು ಒಂದು ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸೋಣ.

ನಿದರ್ಶನವನ್ನು ನಾವೇ ಕಲ್ಪಿಸಿಕೊಳ್ಳೋಣ. ಮೇಲೆ ಹೇಳಿದ ಮೂರು ಊರುಗಳ ಬಸ್ಸುಗಳ ವೇಳೆಯನ್ನು ತಿಳಿಸುವ ‘ಬಸ್ ವೇಳಾಪಟ್ಟಿ’ ಎಂಬುದೊಂದು ತಂತ್ರಾಂಶವಿದೆಯೆನ್ನೋಣ. ಅದರ 2.3ನೆಯ ಆವೃತ್ತಿಯಲ್ಲಿ ಒಂದು ದೋಷ ಸೇರಿಕೊಂಡಿದೆ. ಒಂದು ನಿಲ್ದಾಣದಿಂದ ಹೊರಡುವ ಬಸ್ಸುಗಳು 6:15, 9:40, 13:20, 17:45, 20:10 ಎಂದಿಟ್ಟುಕೊಳ್ಳೋಣ. (ಈ ವೇಳೆಗಳು ಲೆಕ್ಕಕ್ಕಾಗಿ ಹೇಳಿದವು, ಇವನ್ನು ನಂಬಿ ಯಾರೂ ಪ್ರಯಾಣ ಹೊರಡಬಾರದು.) ಇವುಗಳಲ್ಲಿ ಕೊನೆಯ ಬಸ್ಸು ರಾತ್ರಿಯ 20:10ರದು, ಎಂದರೆ ಎಂಟು ಗಂಟೆ ಹತ್ತು ನಿಮಿಷದ್ದು. ಆದರೆ ತಂತ್ರಾಂಶವು ವೇಳೆಯನ್ನು ಸಂಖ್ಯೆಯೆಂದು ತಿಳಿಯದೆ ಬರಹವೆಂದು ತಿಳಿದು ಸಾಲಾಗಿ ಜೋಡಿಸಿದರೆ ಏನಾಗುವುದೆಂಬುದನ್ನು ಪೈಥಾನ್ ಭಾಷೆಯ ಈ ಒಂದು ಸಾಲಿನಿಂದ ನೋಡಬಹುದು:

```
print(sorted(["6:15", "9:40", "13:20", "17:45", "20:10"]))
```

ದೊರೆಯುವ ಉತ್ತರ ಇದು:

```
['13:20', '17:45', '20:10', '6:15', '9:40']
```

ನಿಘಂಟಿನಲ್ಲಿ ಪದಗಳನ್ನು ಜೋಡಿಸುವಾಗ ನಾವು ಮೊದಲು ಮೊದಲನೆಯ ಅಕ್ಷರವನ್ನು ಮಾತ್ರ ನೋಡುತ್ತೇವಷ್ಟೆ. ಯಂತ್ರವೂ ಹಾಗೆಯೇ 20:10ರಲ್ಲಿ ಮೊದಲಿನ 2ನ್ನೂ 9:40ರಲ್ಲಿ ಮೊದಲಿನ 9ನ್ನೂ ಹೋಲಿಸಿ, 9 ದೊಡ್ಡದೆಂದು ತೀರ್ಮಾನಿಸಿ, 9:40ನ್ನು ಸಾಲಿನ ತುದಿಗೆ ತಳ್ಳಿಬಿಟ್ಟಿದೆ. ಸಾಲಿನ ತುದಿಯಲ್ಲಿರುವುದೇ ದಿನದ ಕೊನೆಯ ಬಸ್ಸೆಂದು ಭಾವಿಸಿ ಅದು ಪರದೆಯ ಮೂಲೆಯಲ್ಲಿ ‘ಕೊನೆಯ ಬಸ್ಸು 9:40’ ಎಂದು ತೋರಿಸುತ್ತದೆ. ಹಗಲೆಲ್ಲ ಹಳೇಬೀಡಿನ ಶಿಲ್ಪಗಳನ್ನು ನೋಡಿ ರಾತ್ರಿ ಒಂಬತ್ತು ಗಂಟೆಗೆ ನಿಲ್ದಾಣಕ್ಕೆ ಬಂದವನು ಅದನ್ನು ರಾತ್ರಿಯ ಒಂಬತ್ತು ನಲವತ್ತೆಂದೇ ಓದುವನಲ್ಲದೆ ಬೇರೆ ಹೇಗೆ ಓದಿಯಾನು? ಅವನು ಕಾಯುತ್ತಿರುವ ಬಸ್ಸು ಬೆಳಿಗ್ಗೆಯೇ ಹೋಗಿಯಾಗಿದೆ. ನಿಜವಾದ ಕೊನೆಯ ಬಸ್ಸು ಹೊರಟು ಐವತ್ತು ನಿಮಿಷಗಳಾಗಿವೆ. ಪರೀಕ್ಷೆಗೆ ಒಳಪಡಿಸಿದವರು ಬೆಳಗಿನ ಬಸ್ಸುಗಳೇ ಇಲ್ಲದ ಒಂದು ಪಟ್ಟಿಯನ್ನು ಕೊಟ್ಟು ನೋಡಿದ್ದರೆ ಈ ದೋಷವು ಅವರ ಕಣ್ಣಿಗೆ ಬೀಳುವಂತೆಯೇ ಇಲ್ಲ. ಏಕೆಂದರೆ ಎರಡೆರಡು ಅಂಕಿಗಳ ಗಂಟೆಗಳು ಮಾತ್ರ ಇರುವಾಗ ಬರಹದ ಕ್ರಮವೂ ಸಂಖ್ಯೆಯ ಕ್ರಮವೂ ಒಂದೇ ಆಗಿರುತ್ತವೆ.

2.4ನೆಯ ಆವೃತ್ತಿಯಲ್ಲಿ ಪ್ರತಿಯೊಂದು ವೇಳೆಯನ್ನೂ ನಡುರಾತ್ರಿಯಿಂದ ಕಳೆದ ನಿಮಿಷಗಳನ್ನಾಗಿ ಮಾಡಿ ಹೋಲಿಸಲಾಗುತ್ತದೆ. 9:40 ಎಂದರೆ 580. 20:10 ಎಂದರೆ 1210. ದೋಷ ಅಳಿಯಿತು. ಇನ್ನು ಪ್ರಕಟಣೆ.

ಮೊದಲು ಅಳತೆಗೋಲಿನ ಪರಿಚಯವಾಗಬೇಕು. ಟ್ವಿಟರ್ ಎಂಬ ಹೆಸರಿನಿಂದ 2006ರಲ್ಲಿ ಆರಂಭವಾದ ಈ ತಾಣದಲ್ಲಿ ಮೊದಲು ಇದ್ದ ಮಿತಿ 140. ಆಗ ಪೋಸ್ಟುಗಳು ಫೋನಿನ ಎಸ್ಸೆಮ್ಮೆಸ್ ಮೂಲಕವೂ ಸಾಗುತ್ತಿದ್ದುದರಿಂದ, ಎಸ್ಸೆಮ್ಮೆಸ್ಸಿನ 160 ಅಕ್ಷರಗಳಲ್ಲಿ 20ನ್ನು ಬರೆದವರ ಹೆಸರಿಗೆಂದು ತೆಗೆದಿಟ್ಟು ಉಳಿದುದನ್ನು ಮಾತಿಗೆ ಬಿಟ್ಟಿದ್ದರು. 2017ರ ನವೆಂಬರಿನಲ್ಲಿ ಈ ಮಿತಿಯು 280ಕ್ಕೆ ಏರಿತು. ಹಣ ತೆತ್ತವರಿಗೆ ಈಚೆಗೆ ಇನ್ನೂ ಉದ್ದವಾಗಿ ಬರೆಯುವ ಅವಕಾಶವಿದ್ದರೂ ಸಾಮಾನ್ಯ ಬಳಕೆದಾರರಿಗೆ 280ರ ಮಿತಿಯೇ ಉಳಿದಿದೆ.

ಆದರೆ 280 ‘ಅಕ್ಷರ’ಗಳೆಂದರೆ ಏನು? ನಮ್ಮ ಶಾಲೆಯ ಅಕ್ಷರವೇ ಬೇರೆ, ಯಂತ್ರದ ಅಕ್ಷರವೇ ಬೇರೆ. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಲಿಪಿಯ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಕೊಟ್ಟಿದ್ದಾರೆ. ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗಿನವು. ವ್ಯಂಜನಕ್ಕೆ ಒಂದು ಸಂಖ್ಯೆ, ಅದಕ್ಕೆ ಹತ್ತುವ ಗುಣಿತದ ಚಿಹ್ನೆಗೆ ಮತ್ತೊಂದು, ಒತ್ತಕ್ಷರವನ್ನು ಹುಟ್ಟಿಸುವ ಅರ್ಧಾಕ್ಷರ ಚಿಹ್ನೆಗೆ ಇನ್ನೊಂದು. ಬೇಲೂರು ಎಂಬುದು ನಮಗೆ ಮೂರಕ್ಷರದ ಊರು. ಯಂತ್ರಕ್ಕಾದರೋ ಅದು ಬ, ಏತ್ವ, ಲ, ದೀರ್ಘ ಊತ್ವ, ರ, ಉತ್ವ ಎಂಬ ಆರು ಚಿಹ್ನೆಗಳು. ಪೈಥಾನಿನಲ್ಲಿ

```
print(len("ಬೇಲೂರು"))
```

ಎಂದು ಕೇಳಿದರೆ 6 ಎಂಬ ಉತ್ತರವೇ ಬರುತ್ತದೆ. ಇದೇ ರೀತಿ ಹಳೇಬೀಡು 7, ಅರಸೀಕೆರೆ 8. ಒತ್ತಕ್ಷರ ಬಂದಾಗ ವ್ಯತ್ಯಾಸ ಇನ್ನೂ ಹೆಚ್ಚು: ತಂತ್ರಾಂಶ ಎಂಬ ಮೂರಕ್ಷರದ ಪದಕ್ಕೆ 8 ಚಿಹ್ನೆಗಳು ಬೇಕು. ಅದರ ಬದಲು ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ‘ಸಾಫ್ಟ್‌ವೇರ್’ ಎಂದು ಬರೆದರೆ 11 ಆಗುತ್ತದೆ. ಅದರಲ್ಲಿ ಒಂದಂತೂ ಕಣ್ಣಿಗೇ ಕಾಣದ ಚಿಹ್ನೆ. ‘ಟ್’ಗೆ ‘ವೇ’ ಒತ್ತಾಗಿ ಅಂಟಿಕೊಳ್ಳದಂತೆ ಅವೆರಡರ ನಡುವೆ ನಿಂತು ಕಾಯುವ ಆ ಚಿಹ್ನೆಯು ಜಾಗವನ್ನು ಆಕ್ರಮಿಸದಿದ್ದರೂ ಲೆಕ್ಕಕ್ಕೆ ಮಾತ್ರ ಸೇರುತ್ತದೆ.

ಎಕ್ಸ್ ತಾಣದ ಎಣಿಕೆಯಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಚಿಹ್ನೆಗಳಿಗೆ ತೂಕವುಂಟು. 0ಯಿಂದ 4351ರವರೆಗಿನ ಸಂಖ್ಯೆಗಳುಳ್ಳ ಚಿಹ್ನೆಗಳಿಗೆ ಒಂದು ತೂಕ. ಅದಕ್ಕೆ ಮೇಲ್ಪಟ್ಟವುಗಳಲ್ಲಿ ಕೆಲವು ಲೇಖನಚಿಹ್ನೆಗಳನ್ನು ಬಿಟ್ಟು ಉಳಿದವಕ್ಕೆ ಎರಡು ತೂಕ. ಚೀನೀ, ಜಪಾನೀ, ಕೊರಿಯನ್ ಬರಹಗಳು ಎರಡು ತೂಕದವುಗಳಾದುದರಿಂದ ಅವರಿಗೆ ದೊರೆಯುವುದು ಇಂದಿಗೂ 140 ಮಾತ್ರ. ಕನ್ನಡವು 4351ರ ಕೆಳಗೇ ಇರುವುದರಿಂದ ಒಂದು ತೂಕದ ಗುಂಪಿಗೆ ಸೇರಿದೆ. ನಗುಮುಖದಂತಹ ಒಂದು ಚಿತ್ರಚಿಹ್ನೆಗೆ ಎರಡು ತೂಕ. ಜಾಲದ ಕೊಂಡಿಯನ್ನು ಮಾತ್ರ ಅದು ಎಷ್ಟೇ ಉದ್ದವಿರಲಿ, ಗಿಡ್ಡವಿರಲಿ, 23 ಎಂದೇ ಎಣಿಸುತ್ತಾರೆ. ಪದಗಳ ನಡುವಿನ ತೆರಪಿಗೂ ಒಂದು ತೂಕವುಂಟೆಂಬುದನ್ನು ಮರೆಯಬಾರದು. ಹೊಯ್ಸಳರ ಕಾಲದ ಶಾಸನಗಳನ್ನು ಕೆತ್ತಿದವರು ಪದಗಳ ನಡುವೆ ತೆರಪನ್ನೇ ಬಿಡುತ್ತಿರಲಿಲ್ಲ. ಅವರಿಗೆ ಆ ಅನುಕೂಲವಿತ್ತು, ಫೋನಿನ ಓದುಗನ ಮೇಲೆ ನಾವು ಆ ಶ್ರಮವನ್ನು ಹೊರಿಸಲಾರೆವು.

ಈಗ ಬರೆಯಲು ತೊಡಗೋಣ. ನಮ್ಮಲ್ಲಿ ಪ್ರಕಟಣೆಯೆಂದ ಕೂಡಲೇ ಲೇಖನಿಯಿಂದ ತಾನಾಗಿಯೇ ಹೊರಡುವ ವಾಕ್ಯಗಳು ಇವು: ‘ನಮ್ಮೆಲ್ಲ ಬಳಕೆದಾರ ಬಂಧುಗಳಿಗೆ ನಮಸ್ಕಾರಗಳು. ನಮ್ಮ ತಂತ್ರಾಂಶದ ನೂತನ ಆವೃತ್ತಿಯನ್ನು ತಮ್ಮ ಮುಂದಿಡಲು ಅತ್ಯಂತ ಹರ್ಷಿಸುತ್ತೇವೆ.’ ಎಣಿಸಿ ನೋಡಿದರೆ 107 ಚಿಹ್ನೆಗಳು ಮುಗಿದುಹೋದುವು; ಮೊದಲ ಪೋಸ್ಟಿನ ಮೂರನೆಯ ಒಂದು ಭಾಗಕ್ಕೂ ಮಿಕ್ಕು ವೆಚ್ಚವಾದರೂ, ರಾತ್ರಿ ನಿಲ್ದಾಣದಲ್ಲಿ ನಿಲ್ಲುವವನಿಗೆ ತಿಳಿಯಬೇಕಾದುದು ಒಂದೂ ತಿಳಿದಿಲ್ಲ. ಸೌಜನ್ಯವು ಒಳ್ಳೆಯ ಗುಣವೇ ಸರಿ, ಆದರೆ ಇಲ್ಲಿ ಅದರ ಬೆಲೆಯನ್ನು ತೆರುವವನು ಆ ಪ್ರಯಾಣಿಕ.

ಮೂರು ಪೋಸ್ಟುಗಳಿಗೆ ವಿಷಯವನ್ನು ಹಂಚುವಾಗ ಮನಸ್ಸಿನಲ್ಲಿಡಬೇಕಾದ ಸಂಗತಿಯೊಂದಿದೆ. ಸರಣಿಯನ್ನು ಬರೆದವನಿಗೆ ಅದು ಒಂದು ಮಾಲೆ. ಓದುವವನಿಗೆ ಅದು ಬಿಡಿ ಹೂವಾಗಿಯೂ ಬರಬಹುದು. ಎರಡನೆಯದನ್ನು ಮಾತ್ರ ಯಾರೋ ಹಂಚಿಕೊಂಡಿರುತ್ತಾರೆ. ಮೂರನೆಯದರ ಚಿತ್ರವನ್ನು ಮಾತ್ರ ಯಾರೋ ಕಳುಹಿಸಿರುತ್ತಾರೆ. ಆದುದರಿಂದ ಮೂರರಲ್ಲಿಯೂ ತಂತ್ರಾಂಶದ ಹೆಸರೂ ಆವೃತ್ತಿಯ ಸಂಖ್ಯೆಯೂ ಇರಬೇಕು. ‘ಮೇಲೆ ಹೇಳಿದಂತೆ’ ಎಂಬ ಮಾತು ಸಲ್ಲದು, ಏಕೆಂದರೆ ಓದುವವನಿಗೆ ಮೇಲೆ ಏನೂ ಇಲ್ಲದೆ ಇರಬಹುದು. ‘1/3’ ಎಂಬ ಗುರುತಿಗೆ ಅದರ ಮುಂದಿನ ತೆರಪೂ ಸೇರಿ ನಾಲ್ಕು ತೂಕ ಹೋಗುತ್ತದೆ. ಇನ್ನೆರಡು ತುಣುಕುಗಳಿವೆಯೆಂದು ತಿಳಿಸುವ ಆ ವೆಚ್ಚ ಸಾರ್ಥಕವೇ. ಮೊದಲನೆಯದರಲ್ಲಿ ಏನು ಮಾಡಬೇಕು, ಮಾಡದಿದ್ದರೆ ಏನು ಹಾನಿ. ಎರಡನೆಯದರಲ್ಲಿ ಏನು ಬದಲಾಯಿತು. ಮೂರನೆಯದರಲ್ಲಿ ಹೊಸದು ಬಂದಿತೆಂದು ತಿಳಿಯುವುದು ಹೇಗೆ, ಬರುವವರೆಗೆ ಏನು ಮಾಡಬೇಕು, ಎಂದು ಹಂಚಿಕೊಳ್ಳೋಣ. ಮೊದಲನೆಯದು:

‘1/3 ಬಸ್ ವೇಳಾಪಟ್ಟಿ 2.4 ಬಂದಿದೆ. ಇಂದೇ ಹಾಕಿಕೊಳ್ಳಿ. 2.3ರಲ್ಲಿ ಕೊನೆಯ ಬಸ್ಸಿನ ವೇಳೆ ತಪ್ಪಾಗಿದೆ: ಬೆಳಗಿನ 9:40 ಗಂಟೆಯ ಬಸ್ಸನ್ನು ದಿನದ ಕೊನೆಯದೆಂದು ತೋರಿಸುತ್ತದೆ. ಮೊದಲ ಬಸ್ಸೂ ತಪ್ಪು. ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ನಿಲ್ದಾಣಗಳಲ್ಲೂ ಹೀಗೇ. ಅದನ್ನು ನಂಬಿ ರಾತ್ರಿ ಕಾಯಬೇಡಿ. (ಕೊಂಡಿ)’

ಕೊಂಡಿಗೆ 23 ಎಂದು ಹಿಡಿದು ಎಣಿಸಿದರೆ ಇದು 261. ‘ಮೊದಲ ಬಸ್ಸೂ ತಪ್ಪು’ ಎಂಬ ವಾಕ್ಯವಿಲ್ಲದೆ 243 ಆಗಿದ್ದು 37 ಉಳಿದಿದ್ದುದರಿಂದ ಅದನ್ನು ಸೇರಿಸಲು ಸಾಧ್ಯವಾಯಿತು. ಹಿಂದೆ ಕೊಟ್ಟ ಪೈಥಾನಿನ ಉತ್ತರವನ್ನು ಮತ್ತೊಮ್ಮೆ ನೋಡಿದರೆ ಆ ವಾಕ್ಯದ ಅಗತ್ಯ ತಿಳಿಯುತ್ತದೆ: ಸಾಲಿನ ತಲೆಯಲ್ಲಿ 13:20 ಕುಳಿತಿದೆ. ಬೆಳಗಿನ 6:15ರ ಬಸ್ಸಿಗೆ ಬರಬೇಕಾದವನು ಮಧ್ಯಾಹ್ನದವರೆಗೆ ಬಸ್ಸೇ ಇಲ್ಲವೆಂದು ಮನೆಯಲ್ಲಿಯೇ ಉಳಿಯಬಹುದು. ಕೊನೆಯ ಬಸ್ಸಿನ ತಪ್ಪನ್ನು ಮುಂದಿಟ್ಟು ಮೊದಲ ಬಸ್ಸಿನ ತಪ್ಪನ್ನು ಹಿಂದಿಟ್ಟುದಕ್ಕೆ ಕಾರಣವೆಂದರೆ, ಹಗಲಿನಲ್ಲಿ ತಪ್ಪಿದವನಿಗೆ ಮುಂದಿನ ಬಸ್ಸಿದೆ, ರಾತ್ರಿ ತಪ್ಪಿದವನಿಗೆ ಇಲ್ಲ.

ಎರಡನೆಯದು:

‘2/3 ಬಸ್ ವೇಳಾಪಟ್ಟಿ 2.4: ಹಳೆಯದು ವೇಳೆಯನ್ನು ಸಂಖ್ಯೆಯಾಗಿ ಅಲ್ಲ, ಬರಹವಾಗಿ ಹೋಲಿಸುತ್ತಿತ್ತು. ಆದ್ದರಿಂದ 9:40 ಎಂಬುದು 20:10ರ ನಂತರ ಬರುತ್ತಿತ್ತು. ಈಗ ನಿಮಿಷಗಳಾಗಿ ಎಣಿಸಿ ಹೋಲಿಸುತ್ತದೆ. ಬಸ್ಸುಗಳ ವೇಳೆ ಬದಲಾಗಿಲ್ಲ. ಸಾಲಿನ ಕ್ರಮ ಮಾತ್ರ ಸರಿಯಾಗಿದೆ.’

ಇದು 211. ‘ಕೆಲವು ದೋಷಗಳನ್ನು ಸರಿಪಡಿಸಲಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುವುದು ತಂತ್ರಾಂಶ ಲೋಕದಲ್ಲಿ ಸಾಮಾನ್ಯ. ನಮ್ಮ ಅಭಿಪ್ರಾಯದಲ್ಲಿ ಅದು ಓದುಗನಿಗೆ ಮಾಡುವ ಅನ್ಯಾಯ. ಯಾವ ದೋಷವೆಂದು ತಿಳಿಯದವನು ತನಗೆ ಅದು ಸಂಬಂಧಿಸಿದುದೋ ಅಲ್ಲವೋ ಎಂದು ನಿರ್ಣಯಿಸುವುದೆಂತು? ಇಲ್ಲಿ ಕೊನೆಯ ಎರಡು ವಾಕ್ಯಗಳು ಮುಖ್ಯ. ಅವಿಲ್ಲದಿದ್ದರೆ ಬಸ್ಸುಗಳ ವೇಳೆಯೇ ಬದಲಾಯಿತೆಂದು ಓದುಗರು ತಿಳಿದು, ಬಾಯಿಪಾಠವಾಗಿದ್ದ ಸರಿಯಾದ ವೇಳೆಯನ್ನೂ ಶಂಕಿಸತೊಡಗುವರು.

ಮೂರನೆಯದು:

‘3/3 ಬಸ್ ವೇಳಾಪಟ್ಟಿ 2.4 ಬಂದಿತೇ? ಸೆಟ್ಟಿಂಗ್ಸ್ ತೆರೆದು ಕೆಳತುದಿಯಲ್ಲಿ ನೋಡಿ. 2.3 ಎಂದೇ ಇದ್ದರೆ ನಾಳೆ ಮತ್ತೆ ಪ್ರಯತ್ನಿಸಿ. ಎಲ್ಲರಿಗೂ ತಲುಪಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಕೊನೆಯ ಬಸ್ಸಿನ ವೇಳೆಯನ್ನು ನಿಲ್ದಾಣದಲ್ಲಿ ಕೇಳಿ ತಿಳಿಯಿರಿ. ಉಳಿಸಿಟ್ಟ ಊರುಗಳು ಅಳಿಯುವುದಿಲ್ಲ. (ಕೊಂಡಿ)’

ಇದು 255. ಹೊಸ ಆವೃತ್ತಿಯನ್ನು ಎಲ್ಲರಿಗೂ ಒಮ್ಮೆಗೇ ಬಿಡದೆ ಮೊದಲು ಸ್ವಲ್ಪ ಮಂದಿಗೆ ಬಿಟ್ಟು, ಅವರಲ್ಲಿ ತೊಂದರೆ ಕಾಣದಿದ್ದರೆ ಉಳಿದವರಿಗೆ ಬಿಡುವ ವಾಡಿಕೆಯುಂಟು. ಆದುದರಿಂದ ಪ್ರಕಟಣೆಯನ್ನು ಓದಿ ಕೂಡಲೇ ಹುಡುಕಿದವನಿಗೆ ಅದು ಸಿಗದಿರಬಹುದು. ಆ ದಿನಗಳಿಗಾಗಿ ಬದಲಿ ದಾರಿಯೊಂದನ್ನು ಹೇಳಲೇಬೇಕು. ನಿಲ್ದಾಣದಲ್ಲಿ ಕೇಳುವುದು ತಂತ್ರಾಂಶಕ್ಕಿಂತ ಹಳೆಯ ಉಪಾಯವಾದರೂ ಇಲ್ಲಿ ಅದೇ ಸರಿಯಾದುದು.

ಕನ್ನಡ ವಾಕ್ಯದ ಅಪಾಯವೊಂದಿದೆಯೆಂದು ಆರಂಭದಲ್ಲಿ ಹೇಳಿದೆವಷ್ಟೆ. ಅದನ್ನು ಈ ಮೂರನೆಯ ಪೋಸ್ಟಿನ ಕೊನೆಯ ವಾಕ್ಯದಲ್ಲಿಯೇ ಕಾಣಬಹುದು. ಪೋಸ್ಟೊಂದು ಬಂದಾಗ ಫೋನಿನ ಪರದೆಯ ಮೇಲೆ ಮೂಡುವ ಸೂಚನೆಯಲ್ಲಿ ಅದರ ಪೂರ್ತಿ ಪಾಠ ಕಾಣದೆ, ಸ್ವಲ್ಪ ಭಾಗ ಕಂಡು ಮುಂದೆ ಮೂರು ಚುಕ್ಕೆಗಳು ಕಾಣುವುದುಂಟು. ಇಂಗ್ಲಿಷಿನಲ್ಲಿ ಇಲ್ಲ, ಬೇಡ ಎಂಬ ನಿಷೇಧಾರ್ಥದ ಪದವು ಕ್ರಿಯಾಪದದ ಮುಂಚೆಯೇ ಬಂದುಬಿಡುತ್ತದೆ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲ. ಕ್ರಿಯಾಪದವು ವಾಕ್ಯದ ಬಾಲ. ‘ಉಳಿಸಿಟ್ಟ ಊರುಗಳು ಅಳಿಯುವುದಿಲ್ಲ’ ಎಂಬುದನ್ನು ಯಂತ್ರವು ಐದು ಚಿಹ್ನೆಗಳಷ್ಟು ಮೊದಲೇ ಕತ್ತರಿಸಿದರೆ ‘ಉಳಿಸಿಟ್ಟ ಊರುಗಳು ಅಳಿಯುವು…’ ಎಂದು ಉಳಿಯುತ್ತದೆ. ಅದನ್ನು ಓದಿದವನು ಅಳಿಯುವುವೆಂದೇ ತಿಳಿದು ಹೊಸ ಆವೃತ್ತಿಯನ್ನು ಹಾಕಿಕೊಳ್ಳಲು ಹಿಂಜರಿಯುವನು. ಅಭಯವನ್ನು ಕೊಡಬೇಕಾದ ವಾಕ್ಯವೇ ಭಯವನ್ನು ಕೊಟ್ಟಿತು! ಇದೇ ವಾಕ್ಯವನ್ನು ‘ಉಳಿಸಿಟ್ಟ ಊರುಗಳು ಹಾಗೆಯೇ ಇರುತ್ತವೆ’ ಎಂದು ಬರೆದರೆ ಎಲ್ಲಿ ಕತ್ತರಿಸಿದರೂ ಅರ್ಥವು ತಿರುಗಿ ಬೀಳುವುದಿಲ್ಲ. ಮೊದಲ ಪೋಸ್ಟಿನ ‘ಕಾಯಬೇಡಿ’ಯನ್ನು ಹೀಗೆ ಬದಲಿಸುವುದು ಕಷ್ಟ, ಆದರೆ ‘ತಪ್ಪಾಗಿದೆ’ ಎಂಬ ಮಾತು ಅದಕ್ಕೂ ಬಹಳ ಮುಂಚೆಯೇ ಬಂದಿರುವುದರಿಂದ ಅಲ್ಲಿ ಅಪಾಯವಿಲ್ಲ.

ಕತ್ತರಿಯು ಅಕ್ಷರದ ಮಧ್ಯದಲ್ಲಿಯೇ ಬೀಳುವುದೂ ಉಂಟು. ನಿಲ್ದಾಣ ಎಂಬ ಪದವನ್ನು ನಾಲ್ಕು ಚಿಹ್ನೆಗಳ ನಂತರ ತುಂಡು ಮಾಡಿದರೆ ‘ನಿಲ್’ ಎಂದಾಗುತ್ತದೆ, ಮೂರರ ನಂತರ ಮಾಡಿದರೆ ‘ನಿಲ’ ಎಂದಾಗುತ್ತದೆ. ಉಳಿದ ತುಂಡು ಗುಣಿತದ ಚಿಹ್ನೆಯಿಂದ ಆರಂಭವಾದರೆ, ಆತುಕೊಳ್ಳಲು ವ್ಯಂಜನವಿಲ್ಲದ ಆ ಚಿಹ್ನೆಯ ಜೊತೆಗೆ ಪರದೆಯ ಮೇಲೆ ಸಾಮಾನ್ಯವಾಗಿ ಚುಕ್ಕೆಗಳ ಒಂದು ವೃತ್ತ ಮೂಡುತ್ತದೆ. ಉದ್ದವಾದ ಪಾಠವನ್ನು ಯಾವುದೋ ಉಪಕರಣದಿಂದ 280 ಚಿಹ್ನೆಗಳಿಗೊಂದರಂತೆ ಕತ್ತರಿಸಿದ್ದಾರೆಂಬುದಕ್ಕೆ ಆ ವೃತ್ತವೇ ಗುರುತು. ಸರಣಿಯನ್ನು ಯಾವಾಗಲೂ ವಾಕ್ಯದ ಕೊನೆಯಲ್ಲಿ, ಕೈಯಿಂದಲೇ ಕತ್ತರಿಸಬೇಕು.

ಇದೇ ಪಾಠವನ್ನು ಜಾಲಸಂಪರ್ಕವಿಲ್ಲದವರಿಗೆ ಎಸ್ಸೆಮ್ಮೆಸ್ಸಿನ ಮೂಲಕ ಕಳುಹಿಸಬೇಕಾದರೆ ಲೆಕ್ಕವು ಪೂರ್ತಿಯಾಗಿ ಬದಲಾಗುತ್ತದೆ. ಒಂದು ಎಸ್ಸೆಮ್ಮೆಸ್ಸಿನ ಒಡಲು 140 ಬೈಟುಗಳದು, ಎಂದರೆ 1120 ಬಿಟ್ಟುಗಳದು. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ಟುಗಳು ಸಾಕಾದುದರಿಂದ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಚಿಹ್ನೆಯನ್ನು ಸಾಮಾನ್ಯವಾಗಿ 16 ಬಿಟ್ಟುಗಳಲ್ಲಿ ಕಳುಹಿಸುವುದರಿಂದ 70 ಮಾತ್ರ ಹಿಡಿಯುತ್ತವೆ. ಇಂಗ್ಲಿಷಿನ ಸಂದೇಶದಲ್ಲಿ ಒಂದೇ ಒಂದು ಕನ್ನಡ ಚಿಹ್ನೆ ಸೇರಿಕೊಂಡರೂ ಇಡೀ ಸಂದೇಶವು 70ರ ಲೆಕ್ಕಕ್ಕೆ ಇಳಿಯುತ್ತದೆ. ಉದ್ದವಾದ ಸಂದೇಶವನ್ನು ತುಂಡರಿಸಿದಾಗ ತುಂಡುಗಳನ್ನು ಮತ್ತೆ ಜೋಡಿಸುವ ಗುರುತಿಗೆಂದು ಪ್ರತಿಯೊಂದರಲ್ಲಿಯೂ 6 ಬೈಟುಗಳು ಹೋಗುವುದರಿಂದ ತುಂಡಿಗೆ 67 ಉಳಿಯುತ್ತದೆ. ನಮ್ಮ ಮೊದಲ ಪೋಸ್ಟಿನಿಂದ ಕೊಂಡಿಯನ್ನೂ ಅದರ ಹಿಂದಿನ ತೆರಪನ್ನೂ ತೆಗೆದರೆ 237 ಚಿಹ್ನೆಗಳು. 67ರಂತೆ ಭಾಗಿಸಿದರೆ ನಾಲ್ಕು ತುಂಡುಗಳಾಗುತ್ತವೆ, ಕಳುಹಿಸುವವರಿಗೆ ನಾಲ್ಕು ಸಂದೇಶಗಳ ಖರ್ಚಾಗುತ್ತದೆ. ಒಂದೇ ಸಂದೇಶದಲ್ಲಿ ಮುಗಿಸಬೇಕೆಂದರೆ ಊರುಗಳ ಹೆಸರು, ಬೆಳಗಿನ ಬಸ್ಸು, ಕಾರಣ ಎಲ್ಲವನ್ನೂ ಬಿಟ್ಟು ಇಷ್ಟನ್ನು ಮಾತ್ರ ಉಳಿಸಿಕೊಳ್ಳಬಹುದು: ‘ಬಸ್ ವೇಳಾಪಟ್ಟಿ 2.4 ಹಾಕಿಕೊಳ್ಳಿ. 2.3 ತೋರಿಸುವ ಕೊನೆಯ ಬಸ್ಸು ತಪ್ಪು.’ ಇದು 60 ಚಿಹ್ನೆಗಳು. ಇನ್ನೂ ಹತ್ತು ಉಳಿದಿವೆ.